ಅರ್ಧ ಮಾತ್ರೆ

ಗೋಡೆಗೆ ಅಂಟಿಸಿದ ಚೀಟಿಯ ಮೇಲೆ ಒಂದೇ ಒಂದು ಅಕ್ಷರವಿತ್ತು. ಮಗಳು ಅದರಿಂದ ಮೂರು ಹೆಜ್ಜೆ ದೂರ ನಿಂತು, ಕಣ್ಣನ್ನು ಅಕ್ಷರದ ಮೇಲೆಯೇ ನೆಟ್ಟು, ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದಳು. ಅಟ್ಟದಿಂದ ಇಳಿಯುವ ಗಾಜಿನ ಭರಣಿಯನ್ನು ಹಿಡಿಯುವವಳಂತೆ ನಾನು ಅವಳ ಹಿಂದೆ ಎರಡೂ ಕೈ ಚಾಚಿ ನಿಂತಿದ್ದೆ.

"ಅಮ್ಮಾ, ನಿನ್ನ ಉಸಿರು ನನ್ನ ಕುತ್ತಿಗೆಗೆ ತಾಗ್ತಿದೆ."

"ತಾಗ್ಲಿ ಬಿಡು. ನೀನು ಅಕ್ಷರ ನೋಡು."

ಏಳು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದವಳಿಗೆ ಇಡೀ ಮನೆಯೇ ಗಿರ್ರನೆ ತಿರುಗಿತ್ತು. ಎರಡು ದಿನ ಬಕೆಟ್ಟನ್ನು ತಬ್ಬಿಕೊಂಡೇ ಇದ್ದಳು. ಒಳಕಿವಿಯ ನರಕ್ಕೆ ಊತ ಬಂದಿದೆ, ಇಳಿಯುತ್ತದೆ ಎಂದು ಕಿವಿ ಡಾಕ್ಟರು ಮಾತ್ರೆ ಕೊಟ್ಟರು. ಊತ ಇಳಿಯಿತು. ಗಿರ್ರನೆ ತಿರುಗುವುದೂ ನಿಂತಿತು. ಆದರೆ ದೋಣಿಯಲ್ಲಿ ನಿಂತ ಹಾಗೆ ಒಂದು ತೂಗಾಟ ಮಾತ್ರ ಉಳಿದುಬಿಟ್ಟಿತು. ಕೂತರೆ ಸ್ವಲ್ಪ, ನಿಂತರೆ ಜಾಸ್ತಿ, ಜನಜಂಗುಳಿಯಲ್ಲಿ ಹೇಳತೀರದು.

ಅವಳ ಕೆಲಸವೋ ದೊಡ್ಡ ಅಂಗಡಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುವುದು. ಎರಡೂ ಬದಿಗೆ ತಲೆಗಿಂತ ಎತ್ತರ ಡಬ್ಬಿ, ಬಾಟಲಿ, ಪೊಟ್ಟಣ. ನಡುವೆ ತಳ್ಳುಗಾಡಿಗಳು, ಮೇಲೆ ಬಿಳಿ ದೀಪಗಳ ಸಾಲು. ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ಸೋಪಿನ ಸಾಲಿನಲ್ಲಿ ನೆಲಕ್ಕೆ ಕುಸಿದು ಕೂತಳು. ಆಮೇಲೆ ಅಂಗಡಿ ನೆನೆದರೇ ಎದೆ ಹೊಡೆದುಕೊಳ್ಳುತ್ತಿತ್ತು. ಎದೆ ಹೊಡೆದುಕೊಂಡರೆ ತೂಗಾಟ ಇನ್ನಷ್ಟು ಏರುತ್ತಿತ್ತು. ಮುಂದಿನ ತಿಂಗಳ ಕೊನೆಯವರೆಗೆ ಜಾಗ ಇಟ್ಟಿರುತ್ತೇನೆ, ಅಲ್ಲಿಂದಾಚೆ ನನ್ನ ಕೈಯಲ್ಲಿಲ್ಲ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು.

ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲದ ಹುಡುಗಿ ಎಂದು ಅವಳಪ್ಪ ಇಟ್ಟ ಹೆಸರು ಬುಗುರಿ. ಏಳು ತಿಂಗಳಿಂದ ಮನೆಯಲ್ಲಿ ಯಾರೂ ಹಾಗೆ ಕರೆದಿರಲಿಲ್ಲ.

ತೂಗಾಟಕ್ಕೆಂದು ಈ ವ್ಯಾಯಾಮ ಶುರುವಾದ ಆರನೆಯ ವಾರ ಆಸ್ಪತ್ರೆಗೆ ಹೋದಾಗ, ಅದನ್ನು ಹೇಳಿಕೊಟ್ಟ ಫಿಸಿಯೋಥೆರಪಿಯ ಮೇಡಂ ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ತಲೆ ಆಡಿಸುವಾಗ ಎಷ್ಟು ಸುತ್ತುತ್ತೆ? ಹತ್ತಕ್ಕೆ ಎಷ್ಟು?"

"ಏನೂ ಇಲ್ಲ ಮೇಡಂ," ಎಂದಳು ಮಗಳು. ನನಗೆ ಒಳಗೊಳಗೇ ಹೆಮ್ಮೆ.

"ಅಂಗಡಿಗೆ ಹೋದ್ರೆ?"

"ಎಂಟು. ಬಾಗಿಲಲ್ಲೇ."

ಮೇಡಂ ಪೆನ್ನು ಕೆಳಗಿಟ್ಟರು. "ಇದು ಹೊಂದಲ್ವಲ್ಲ. ವ್ಯಾಯಾಮ ಮಾಡಿದಾಗ ಸ್ವಲ್ಪ ಸುತ್ತಲೇಬೇಕು. ಸುತ್ತಿ, ಕಾಲು ಗಂಟೆ ಇಪ್ಪತ್ತು ನಿಮಿಷದಲ್ಲಿ ಇಳೀಬೇಕು. ಮಾತ್ರೆ ಏನಾದ್ರೂ ತಗೊಳ್ತಿದ್ದೀಯಾ?"

ಮಗಳು ನನ್ನ ಕಡೆ ನೋಡಿದಳು. ಮೊದಲ ದಿನ ಇದೇ ಪ್ರಶ್ನೆಗೆ "ಇಲ್ಲ" ಎಂದವಳು ನಾನೇ. ನಾನು ಕೊಡುತ್ತಿದ್ದುದು ಅರ್ಧ ಮಾತ್ರೆ. ಅರ್ಧವನ್ನು ಮಾತ್ರೆ ಎನ್ನುತ್ತಾರೆಯೇ? ಡಾಕ್ಟರು ತಲೆಸುತ್ತಿಗೆ ಮೂರು ದಿನಕ್ಕೆಂದು ಬರೆದ ಹಳೆಯ ಚೀಟಿಯನ್ನೇ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತೋರಿಸಿ, ತಂದು, ಚಾಕುವಿನಿಂದ ಮುರಿದು, ಪ್ರತಿ ವ್ಯಾಯಾಮಕ್ಕೂ ಮುಂಚೆ ಅವಳ ಅಂಗೈಗೆ ಹಾಕುತ್ತಿದ್ದೆ. ಮಗು ತತ್ತರಿಸುವುದನ್ನು ನೋಡಲಾಗುತ್ತಿರಲಿಲ್ಲ.

"ಅರ್ಧ," ಎಂದೆ. "ಬರೀ ಅರ್ಧ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಮ್ಮಾ, ನಾವಿಲ್ಲಿ ಅವಳ ಮೆದುಳಿಗೆ ಪಾಠ ಹೇಳ್ತಿದ್ದೀವಿ. ನೀವು ಪಾಠಕ್ಕೆ ಮುಂಚೆ ಅದನ್ನ ಮಲಗಿಸಿಬಿಡ್ತಿದ್ದೀರಿ."

ಡಾಕ್ಟರಿಗೆ ಫೋನು ಮಾಡಿದರು. ಮಾತ್ರೆ ನಿಲ್ಲಿಸಿ ಎಂದರಂತೆ. ಆಮೇಲೆ ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಕಿವಿ ಈಗ ಸರಿಯಿದೆ. ಆದರೆ ಅಂದು ಬೆಚ್ಚಿದ ಮೆದುಳು ಇನ್ನೂ ಕಿವಿಯನ್ನು ನಂಬುತ್ತಿಲ್ಲ, ಕಣ್ಣನ್ನೇ ಆತುಕೊಂಡಿದೆ. ಕಣ್ಣೆದುರು ಜನ, ಸಾಮಾನು, ಬೆಳಕು ಓಡಾಡಿದರೆ ತಾನೇ ಓಡಾಡುತ್ತಿದ್ದೇನೆ ಎಂದು ಗಾಬರಿಯಾಗುತ್ತದೆ. ಗಾಬರಿಗೆ ಮೈ ಸೆಟೆಯುತ್ತದೆ, ಸೆಟೆದ ಮೈಗೆ ತೂಗಾಟ ಇನ್ನೂ ಜೋರಾಗಿ ತಿಳಿಯುತ್ತದೆ.

"ಹಾಗಾದ್ರೆ ನನ್ನ ಭ್ರಮೆ ಅಲ್ವಾ?" ಎಂದಳು ಮಗಳು.

"ಅಲ್ಲವೇ ಅಲ್ಲ. ನಿಜವಾಗ್ಲೂ ಆಗ್ತಿರೋದು. ಆದ್ರೆ ಕಲಿತದ್ದನ್ನ ಮರೆಸಬಹುದು." ಮೇಡಂ ನನ್ನ ಕೈ ನೋಡಿದರು. ಅದು ಎಂದಿನಂತೆ ಮಗಳ ಮೊಣಕೈ ಹಿಡಿದಿತ್ತು. "ಇದೊಂದು ಮಾತ್ರೆ ಬಾಕಿ ಇದೆಯಲ್ಲಮ್ಮಾ. ಇದನ್ನೂ ಬಿಡಬೇಕು."

ಮನೆ ಬಾಗಿಲಲ್ಲಿ ಮಗಳು, "ಮಾತ್ರೆ ಬೇಡ ಅಂತ ನಾನೂ ಹೇಳ್ಲಿಲ್ಲ ಬಿಡು," ಎಂದಳು.

ಮುಂದಿನ ವಾರಗಳೆಲ್ಲ ಮಾತ್ರೆಯಿಲ್ಲದೆ ಕಳೆದವು. ಅಕ್ಷರ ನೋಡುತ್ತಾ ತಲೆ ಆಡಿಸಿದರೆ ಹತ್ತಕ್ಕೆ ನಾಲ್ಕು, ಐದು. ಪಟ್ಟೆಪಟ್ಟೆ ಚಾದರವನ್ನು ಗೋಡೆಗೆ ತೂಗುಹಾಕಿ ಅದರ ಮುಂದೆ ಅತ್ತಿಂದಿತ್ತ ನಡಿಗೆ. ಫೋನಿನಲ್ಲಿ ಜನಸಂದಣಿಯ ವೀಡಿಯೋ, ಮೊದಲು ಅರ್ಧ ನಿಮಿಷ, ಆಮೇಲೆ ಒಂದು. ತಲೆ ತಿರುಗಿದಾಗ ಕೂತು ಗಡಿಯಾರ ನೋಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಒಂದು ದಿನ ಹುಮ್ಮಸ್ಸಿನಲ್ಲಿ ದುಪ್ಪಟ್ಟು ಮಾಡಿ ಸಂಜೆಯವರೆಗೂ ಮಲಗಿದಳು. ಅಷ್ಟು ಬೇಡ, ಸುತ್ತು ಬೇಗ ಇಳಿಯುವಷ್ಟೇ ಮಾಡು ಎಂದರು ಮೇಡಂ. ಬಳಿಕ ಜನ ಕಡಿಮೆ ಇರುವ ಹೊತ್ತಿನಲ್ಲಿ ಅಂಗಡಿಗೆ ಹೋಗಿ ಒಂದು ಸಾಲು, ಎರಡು ಸಾಲು ನಡೆದು ಬರುತ್ತಿದ್ದಳು.

ಮ್ಯಾನೇಜರ ಗಡುವಿನ ಕೊನೆಯ ಶನಿವಾರ. ಅವರು, "ಒಂದು ಗಂಟೆ ಕೆಲಸ ಮಾಡಿ ತೋರ್ಸಮ್ಮ," ಎಂದಿದ್ದರು.

"ಶನಿವಾರ ಸಂಜೇನೇ ಬೇಕಿತ್ತಾ ಆ ಪುಣ್ಯಾತ್ಮನಿಗೆ?" ಎಂದರು ಅವಳಪ್ಪ.

"ರಶ್ಶಿನಲ್ಲಿ ನಿಲ್ಲೋಕಾಗ್ದೇ ಇದ್ರೆ ಕೆಲಸ ಯಾಕಪ್ಪಾ ಕೊಡ್ತಾರೆ?"

ನಾನು ಅಂಗಡಿಯ ಗಾಜಿನ ಬಾಗಿಲ ಹೊರಗೆ, ತಳ್ಳುಗಾಡಿಗಳ ಪಕ್ಕ ನಿಂತೆ. ಪರ್ಸಿನಲ್ಲಿ ಕಾಗದದಲ್ಲಿ ಸುತ್ತಿದ ಅರ್ಧ ಮಾತ್ರೆಯೊಂದಿತ್ತು. ಕೊನೆಯದು. ಯಾಕೆ ಇಟ್ಟುಕೊಂಡೆನೋ, ಎಸೆಯಲು ಕೈ ಬಂದಿರಲಿಲ್ಲ.

ಮೊದಲ ಅರ್ಧ ಗಂಟೆ ಅವಳ ಬೆನ್ನು ಕಾಣುತ್ತಿತ್ತು. ಬಗ್ಗುತ್ತಿದ್ದಳು, ಪೊಟ್ಟಣ ಇಡುತ್ತಿದ್ದಳು. ಆಮೇಲೆ ಒಂದು ದೊಡ್ಡ ಸಂಸಾರ ಗಾಡಿಗಳ ಸಮೇತ ಸಾಲಿಗೆ ನುಗ್ಗಿತು. ಅವರು ದಾಟಿದಾಗ ನೋಡುತ್ತೇನೆ, ಮಗಳು ಕಪಾಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಾಳೆ. ಅದೇ ಸೋಪಿನ ಸಾಲು. ಮುಖ ಸುಣ್ಣದಂತಾಗಿತ್ತು.

ನನಗೆ ಅರಿವಿಲ್ಲದೆಯೇ ಬಾಗಿಲು ದಾಟಿದ್ದೆ. ಪರ್ಸಿನ ಜಿಪ್ ಅರ್ಧ ತೆರೆದಿತ್ತು. ಅವಳು ತಲೆ ಎತ್ತಿದಳು, ನನ್ನನ್ನು ಕಂಡಳು. ಕಣ್ಣಿನಲ್ಲೇ ಬೇಡ ಎಂದಳು.

ನಿಂತೆ. ಕಾಲಿಗೆ ಮೊಳೆ ಹೊಡೆದಂತೆ ನಿಂತೆ. ಯಾರೋ "ದಾರಿ ಬಿಡ್ರೀ ಅಕ್ಕಾ" ಎಂದು ಗಾಡಿ ತಾಗಿಸಿದರು.

ಅವಳು ಉಸಿರು ಹೊರಬಿಟ್ಟಳು. ಭುಜ ಇಳಿಯಿತು. ಅಂಚಿನಿಂದ ಒಂದು ಕೈ ತೆಗೆದಳು, ತುಸು ಹೊತ್ತಾದ ಮೇಲೆ ಇನ್ನೊಂದನ್ನು. ಸಣ್ಣಗೆ ತೂಗಿದಳು. ಬೀಳಲಿಲ್ಲ. ಬಗ್ಗಿ ಪೆಟ್ಟಿಗೆಯಿಂದ ಒಂದು ಸೋಪು ತೆಗೆದು ಮೇಲಿಟ್ಟಳು. ಮತ್ತೊಂದು. ನಾನು ಎಣಿಸಿದೆ. ಹನ್ನೊಂದಾದಾಗ ತಿರುಗಿ ಹೊರಗೆ ಬಂದೆ.

ಗಂಟೆ ಮುಗಿಸಿ ಬಂದವಳ ಹಣೆಯೆಲ್ಲ ಬೆವರು. "ಹತ್ತಕ್ಕೆ ಏಳು ಆಗಿತ್ತಮ್ಮಾ. ಈಗ ಮೂರು."

"ಮ್ಯಾನೇಜರು?"

"ಸೋಮವಾರದಿಂದ ದಿನಕ್ಕೆ ಎರಡು ಗಂಟೆ. ಆಮೇಲೆ ನೋಡೋಣ ಅಂದ್ರು." ನನ್ನ ಪರ್ಸನ್ನು ನೋಡಿದಳು. "ಕೊಡು ಅದನ್ನ."

ಕೊಟ್ಟೆ. ಕಾಗದ ಬಿಚ್ಚದೆ ಕಸದ ಡಬ್ಬಿಗೆ ಹಾಕಿದಳು. ಸೋಮವಾರ ಏನಾಗುತ್ತದೋ ಎಂಬ ಅಳುಕು ನನ್ನೊಳಗೆ ಆಗಲೇ ಶುರುವಾಗಿತ್ತು. ಎದುರಿಗೆ ಸಂಜೆಯ ಪೇಟೆ ಬೀದಿ, ಬೀದಿ ತುಂಬ ಜನ. ಅವಳು ಇಳಿದು ಮುಂದೆ ನಡೆದಳು. ನಾನು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ನಾಲ್ಕು ಹೆಜ್ಜೆ ಬಿಟ್ಟು, ಹಿಂದೆ ಹೋದೆ.