ಕಂಡಕ್ಟರಿಗೆ ಹೇಳಬೇಕಾಗಿದ್ದ ಮಾತು

ಓರಗಿತ್ತಿಯರಿಬ್ಬರೂ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ಅಡುಗೆಮನೆ ಒಂದೇ, ಒಲೆ ಮಾತ್ರ ಎರಡು. ಆದರೂ ಕಿರಿಯವಳು ಅಂದು ಸೊಕ್ಕು ನುಂಗಿಕೊಂಡು ಹಿರಿಯವಳ ಎದುರು ನಿಂತಳು. ಮರುದಿನ ಬೆಳಿಗ್ಗೆ ಅವಳ ಅಮ್ಮನಿಗೆ ಹೃದಯದ ಆಪರೇಷನ್, ಅದೂ ತಮಿಳಿಲ್ಲದೆ ಕೆಲಸವೇ ಆಗದ ಊರಿನಲ್ಲಿ. ಒಳಗೆ ಕರೆದೊಯ್ಯುವ ಮುಂಚೆ ಮಗಳ ಮುಖ ನೋಡಬೇಕೆಂದು ಅಮ್ಮ ಹಟ ಹಿಡಿದಿದ್ದಳು. ಈ ಮನೆಯಲ್ಲಿ ತಮಿಳು ಬಲ್ಲವಳು ಹಿರಿಯವಳೊಬ್ಬಳೇ. ಅದು ಅವಳ ತವರಿನ ಮಾತು.

“ಅಕ್ಕಾ, ಹಳೇ ಆಸ್ಪತ್ರೆ ಸ್ಟಾಪ್ ಬಂದ್ರೆ ಹೇಳಿ ಅಂತ ಕಂಡಕ್ಟರಿಗೆ ಹೇಳ್ಬೇಕು. ಕನ್ನಡ ಅಕ್ಷರದಲ್ಲಿ ಬರ್ಕೊಡಿ.”

“ಕೆಲಸ ಇದ್ದಾಗ ಅಕ್ಕ ನೆನಪಾದ್ಲಾ?” ಎನ್ನುತ್ತಲೇ ಹಿರಿಯವಳು ಗೀಚಿದಳು: ‘ಪಳೈಯ ಆಸ್ಪತ್ತಿರಿ ಸ್ಟಾಪ್ ವಂದಾ ಸೊಲ್ಲುಂಗ.’

“ಚೀಟಿ ತೋರಿಸ್ಬೇಡ, ಅವನಿಗೆ ಕನ್ನಡ ಓದೋಕೆ ಬರಲ್ಲ. ಟಿಕೆಟ್ ತಗೊಳ್ಳುವಾಗ್ಲೇ ಬಾಯಿಬಿಟ್ಟು ಹೇಳು. ಬರೀ ಆಸ್ಪತ್ರೆ ಅಂದ್ರೆ ಕೊನೇ ಸ್ಟಾಪಿನ ದೊಡ್ಡಾಸ್ಪತ್ರೆಗೆ ಒಯ್ದು ಬಿಡ್ತಾನೆ.”

“ಬೇರೆ ಏನೂ ಬರ್ದಿಲ್ಲ ತಾನೇ?”

“ಬೈಗುಳ ಬರ್ದಿದೀನಿ. ಹೋಗಿ ಹೇಳು.”

ಆ ಮಾತು ಕಿರಿಯವಳ ತಲೆ ಹೊಕ್ಕಿತು. ಇವಳು ಫೋನಿನಲ್ಲಿ ತವರಿನವರೊಡನೆ ನನ್ನನ್ನು ಆಡಿಕೊಂಡು ನಗುವುದೂ ಇದೇ ಭಾಷೆಯಲ್ಲವೇ? ತುಂಬಿದ ಬಸ್ಸಿನಲ್ಲಿ ನನ್ನ ಮಾನ ಹರಾಜು ಹಾಕಲು ಇದಕ್ಕಿಂತ ಒಳ್ಳೆಯ ದಾರಿ ಉಂಟೇ? ರಾತ್ರಿಯಿಡೀ ಪ್ರಯಾಣ ಮಾಡಿ, ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಕೂತಾಗಲೂ ಇದೇ ಕೊರೆಯುತ್ತಿತ್ತು. ಕಂಡಕ್ಟರ್ ಬಂದು ಕೈ ಚಾಚಿದ. ಅವಳು ಚೀಟಿಯನ್ನು ಮುಷ್ಟಿಯಲ್ಲಿ ಹಿಸುಕಿಕೊಂಡು “ಆಸ್ಪತ್ರೆ” ಎಂದಳು. ಅವನು ಏನೋ ಕೇಳಿದ. ಅರ್ಥವಾಗದೆ ತಲೆಯಾಡಿಸಿದಳು. ಟಿಕೆಟ್ ಹರಿದು ಕೊಟ್ಟ.

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಯಿತು. ಎದುರಿಗಿದ್ದುದು ದೊಡ್ಡಾಸ್ಪತ್ರೆಯ ಹೊಸ ಕಟ್ಟಡ. ಇನ್ನು ಹೋಗುವ ಮಾನವಾದರೂ ಏನಿದೆ ಎಂದುಕೊಂಡು ಚೀಟಿ ಬಿಡಿಸಿ ಗಟ್ಟಿಯಾಗಿ ಓದಿಬಿಟ್ಟಳು. ಕಂಡಕ್ಟರ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹಣೆ ಚಚ್ಚಿಕೊಂಡು ಬಂದ ದಾರಿಯತ್ತ ಕೈ ತೋರಿಸಿ, ವಾಪಸ್ಸು ಹೊರಟಿದ್ದ ಬಸ್ಸಿಗೆ ತಾನೇ ಹತ್ತಿಸಿದ.

ಆಪರೇಷನ್ ಕೋಣೆಯ ಹೊರಗೆ ಅಣ್ಣ ಒಬ್ಬನೇ ನಿಂತಿದ್ದ. “ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು. ಬಾಗಿಲು ದಾಟೋವರೆಗೂ ನೀನು ಬಂದ್ಯಾ ಅಂತ ಕೇಳ್ತಿದ್ಲು.”

ಅಮ್ಮ ಮತ್ತೆ ಕಣ್ಣು ಬಿಡಲಿಲ್ಲ.

ಮನೆಗೆ ಮರಳಿದ ದಿನ ಗಂಡ ಎಲ್ಲರೆದುರೇ ಕೇಳಿದ, “ಅಷ್ಟು ಬೇಗ ಊರು ಮುಟ್ಟಿದ್ರೂ ಯಾಕೆ ತಡ ಆಯ್ತು?”

ಚೀಟಿಯಲ್ಲಿ ನಿಜವಾಗಿ ಬೈಗುಳವಿದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು! ಅದು ಸರಿಯಿತ್ತೆಂಬ ಕಾರಣಕ್ಕೇ ಓರಗಿತ್ತಿಯ ಮೇಲೆ ಹಿಂದೆಂದೂ ಇಲ್ಲದ ದ್ವೇಷ ಉಕ್ಕಿತು.

“ಅಕ್ಕ ತಪ್ಪು ಬರ್ಕೊಟ್ಟಿದ್ರು,” ಎಂದಳು.

ಹಿರಿಯವಳು ಒಲೆ ಆರಿಸಿ ಬಂದಳು. ಮುಖ ಬಿಳಿಚಿತ್ತು. “ಕಂಡಕ್ಟರಿಗೆ ಏನಂತ ಹೇಳ್ದೆ? ನನ್ನೆದುರೂ ಒಂದ್ಸಲ ಹೇಳು.”

ಕಿರಿಯವಳಿಗೆ ಆ ಮಾತು ಒಂದಕ್ಷರವೂ ಮರೆತಿರಲಿಲ್ಲ. “ಮರ್ತೋಯ್ತು,” ಎಂದಳು.