ಮೇಲಿನ ಕೋಣೆಯ ನೀರು

ಟೈಲರಮ್ಮನ ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆ ಎಂದು ಓನರಮ್ಮ ತೀರ್ಮಾನ ಮಾಡಿಬಿಟ್ಟಿದ್ದರು. ಯಾರು, ಏನು, ಯಾವಾಗ ಬಂದು ಸೇರಿಕೊಂಡರು ಎಂಬುದೆಲ್ಲ ಇನ್ನೂ ಗೊತ್ತಾಗಬೇಕಿತ್ತು, ಅಷ್ಟೇ. ಇದ್ದಾರೆ ಎಂಬುದರಲ್ಲಿ ಮಾತ್ರ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವರ ಲೆಕ್ಕ ನೀರಿನದು. ಮಹಡಿಯ ಒಂಟಿ ಕೋಣೆಗೆ ತಾರಸಿಯ ಮೇಲೆ ಬೇರೆಯದೇ ಒಂದು ಸಣ್ಣ ಟ್ಯಾಂಕು. ಮೋಟಾರು ಹಾಕಿ ತುಂಬಿಸುವವರು ಓನರಮ್ಮನೇ. ಮೊದಲೆಲ್ಲ ಒಮ್ಮೆ ತುಂಬಿಸಿದರೆ ಎರಡು ದಿನ ಆ ಕಡೆ ತಿರುಗಿ ನೋಡಬೇಕಾಗಿರಲಿಲ್ಲ. ಈಗ ದಿನ ಬೆಳಗಾದರೆ ಟ್ಯಾಂಕು ಖಾಲಿ. ಅದೂ ಹೋಗಲಿ ಎಂದರೆ, ಟೈಲರಮ್ಮ ಬೀಗ ಹಾಕಿಕೊಂಡು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋದ ಮೇಲೆ, ಮಟಮಟ ಮಧ್ಯಾಹ್ನ, ಕೆಳಗೆ ಓನರಮ್ಮನ ಅಡುಗೆಮನೆಯ ಗೋಡೆ ಪಕ್ಕದ ಪೈಪಿನಲ್ಲಿ ಸುಯ್ಯೆಂದು ನೀರು ಹರಿಯುತ್ತದೆ. ಸ್ವಲ್ಪ ಹೊತ್ತು ಹರಿದು ನಿಲ್ಲುತ್ತದೆ. ಮತ್ತೆ ಹರಿಯುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ನೀರು ಬಳಸುವವರು ಯಾರು? ಓನರಮ್ಮ ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರಿಗೆ ಇಷ್ಟು ಹುರುಪಿನ ಕೆಲಸ ಸಿಕ್ಕಿದ್ದೇ ಇಲ್ಲ.

ಕೊನೆಗೊಂದು ಸಂಜೆ ಟೈಲರಮ್ಮನನ್ನು ಮೆಟ್ಟಿಲ ಬುಡದಲ್ಲೇ ಹಿಡಿದು ನಿಲ್ಲಿಸಿದರು.

"ನೋಡಮ್ಮ, ಬಾಡಿಗೆಗೆ ಕೊಡುವಾಗಲೇ ಹೇಳಿದ್ದೆ. ಒಬ್ಬರಿಗೆ ಮಾತ್ರ ಅಂತ. ಮೇಲೆ ಯಾರನ್ನ ಇಟ್ಕೊಂಡಿದೀಯ?"

ಟೈಲರಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ನಗು ಬಂತು, ಹಿಂದೆಯೇ ಕಿವಿ ಬಿಸಿಯಾಯಿತು. "ನನ್ನ ಜೊತೆ ಯಾರಿರ್ತಾರೆ ಅಮ್ಮ?" ಎಂದಳು.

"ಅದನ್ನೇ ನಾನೂ ಕೇಳ್ತಿರೋದು. ತಿಂಗಳ ಕೊನೆಗೆ ಬೇರೆ ಕಡೆ ನೋಡ್ಕೊ."

ಬೇರೆ ಕಡೆ ಎಂದರೆ ಎಲ್ಲಿ? ನಲವತ್ತು ದಾಟಿದ ಒಂಟಿ ಹೆಂಗಸಿಗೆ ಕೋಣೆ ಕೊಡುವವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ಈ ಕೋಣೆ ಸಿಗುವ ಮೊದಲು ಅವಳು ಅಂಥ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ ಹೇಳಿ ಸುಸ್ತಾಗಿದ್ದಳು. ಆ ರಾತ್ರಿ ಊಟ ಸೇರಲಿಲ್ಲ. ಆದರೆ ಒಂದು ಮಾತು ನಿಜ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮಲಗಿದ ಮೇಲೆ ಆ ಇನ್ನೊಬ್ಬರು ಹೇಗಿರಬಹುದು ಎಂದು ಅವಳೂ ಒಂದು ಗಳಿಗೆ ಯೋಚಿಸಿದಳು. ಮಧ್ಯಾಹ್ನ ಎದ್ದು ಮುಖ ತೊಳೆಯುವವರು, ಅವಳು ಬರುವ ದಾರಿ ನೋಡುವವರು. ಯೋಚಿಸಿ, ಛೆ ಎಂದು ಮಗ್ಗುಲು ಬದಲಿಸಿದಳು.

ಭಾನುವಾರ ಅವಳೇ ಪ್ಲಂಬರನನ್ನು ಕರೆಸಿದಳು. ಸಾಕ್ಷಿಗೆ ಓನರಮ್ಮನನ್ನೂ ಮೇಲೆ ಕರೆದಳು. ಕರೆಯದಿದ್ದರೂ ಅವರು ಬರುತ್ತಿದ್ದರು.

ಪ್ಲಂಬರ್ ನಲ್ಲಿಗಳನ್ನು ನೋಡಿದ. ಒಂದೂ ತೊಟ್ಟಿಕ್ಕುತ್ತಿರಲಿಲ್ಲ. ಆಮೇಲೆ ಕಮೋಡಿನ ಹಿಂದಿನ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ ಇಣುಕಿದ.

"ಇದರಿಂದ ನೀರು ಕಳ್ಳತನದಲ್ಲಿ ಹೋಗೋದಕ್ಕೆ ಎರಡೇ ದಾರಿ. ಮಟ್ಟ ಜಾಸ್ತಿಯಾದ್ರೆ ಈ ನಿಂತಿರೋ ಕೊಳವೆ ಬಾಯಿಂದ ಇಳಿಯುತ್ತೆ. ಇಲ್ಲಿ ನೀರು ಬಾಯಿಗಿಂತ ಕೆಳಗೇ ಇದೆ, ಅದಲ್ಲ. ಇನ್ನೊಂದು ತಳದಲ್ಲಿ, ಫ್ಲಶ್ ವಾಲ್ವ್ ಕೂರೋ ಜಾಗದಲ್ಲಿ. ಅಲ್ಲಿ ಜಿನುಗಿದ್ರೆ ಕಮೋಡಿನ ಗೋಡೆಗಂಟಿ ಸದ್ದಿಲ್ಲದೆ ಇಳೀತದೆ. ಕಣ್ಣಿಗೂ ಕಾಣಲ್ಲ. ಏನಾದ್ರೂ ಬಣ್ಣ ಇದೆಯೇನಕ್ಕ?"

ಬಿಳಿ ಬಟ್ಟೆಗೆ ಹಾಕುವ ನೀಲಿ ಇತ್ತು. ಅವನು ಟ್ಯಾಂಕಿಗೆ ಅದನ್ನು ಸುರಿದು ಕಲಕಿದ. "ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕಮೋಡಿನ ನೀರು ನೀಲಿಯಾದ್ರೆ ಕಳ್ಳ ಸಿಕ್ಕಿದ ಹಾಗೆ," ಎಂದು ಹೇಳಿ ತಾರಸಿಯ ಟ್ಯಾಂಕು ನೋಡಲು ಓನರಮ್ಮನ ಜೊತೆ ಮೇಲೆ ಹೋದ.

ಅವರಿಬ್ಬರೂ ಇಳಿದು ಬರುವ ಸದ್ದು ಕೇಳಿಸಿತು. ಟೈಲರಮ್ಮನಿಗೆ ಮನೆಗೆ ಜನ ಬಂದು ರೂಢಿಯಿಲ್ಲ. ಜನ ಬರುತ್ತಿದ್ದಾರೆ, ಬಚ್ಚಲು ನೋಡುತ್ತಾರೆ ಎಂಬುದೊಂದೇ ತಲೆಗೆ ಬಂತು. ಒಳಗೋಡಿ ಮಗ್ ಎತ್ತಿ ಸರಿಯಾಗಿಟ್ಟಳು, ಕನ್ನಡಿ ಒರೆಸಿದಳು, ಅದೇ ಕೈಯಲ್ಲಿ ಫ್ಲಶ್ ಗುಂಡಿ ಒತ್ತಿದಳು. ಭೋರೆಂದು ನೀಲಿ ನೀರು ಸುರಿದಾಗ ನಾಲಗೆ ಕಚ್ಚಿಕೊಂಡಳು.

"ನೋಡಿದ್ಯೇನಪ್ಪ?" ಓನರಮ್ಮ ಬಾಗಿಲಲ್ಲೇ ನಿಂತು ಸೊಂಟದ ಮೇಲೆ ಕೈಯಿಟ್ಟರು. "ಬೇಕಂತಲೇ ಕೆಡಿಸಿದ್ಳು!"

"ಇಲ್ಲಮ್ಮ, ನೀವು ಬರ್ತಿದೀರ ಅಂತ... ಕ್ಲೀನಾಗಿರಲಿ ಅಂತ..."

ಪ್ಲಂಬರ್ ಗೊಣಗಲಿಲ್ಲ. ಕಮೋಡಿನ ನೀರು ತಿಳಿಯಾಗುವವರೆಗೆ ಒಂದೆರಡು ಸಲ ಫ್ಲಶ್ ಮಾಡಿ, ಟ್ಯಾಂಕು ತುಂಬಿದ ಮೇಲೆ ಮತ್ತೆ ನೀಲಿ ಹಾಕಿದ. ಈ ಸಲ ಓನರಮ್ಮ ಬಚ್ಚಲ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡು ಕಾವಲು ಕೂತರು. ಕೂತವರ ಕಣ್ಣು ಸುಮ್ಮನಿರುತ್ತದೆಯೇ? ಗೂಡಿನಲ್ಲಿದ್ದ ಎರಡು ಟೀ ಕಪ್ಪಿನ ಮೇಲೆ ಬಿತ್ತು.

"ಒಬ್ಬಳಿಗೆ ಎರಡು ಕಪ್ಪು ಯಾಕೆ?"

ಟೈಲರಮ್ಮ ಎರಡನೆಯದನ್ನು ತೆಗೆದು ಬೋರಲು ಮಾಡಿ ತೋರಿಸಿದಳು. ತಳದಲ್ಲಿ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು. ಓನರಮ್ಮ ಕಮೋಡಿನ ಕಡೆ ತಿರುಗಿದರು.

ಅಲ್ಲಿ ಕಮೋಡಿನೊಳಗೆ, ಹಿಂಬದಿಯ ಬಿಳಿ ಗೋಡೆಯ ಮೇಲೆ ನೂಲಿನಷ್ಟು ಸಣ್ಣ ನೀಲಿ ಗೆರೆಯೊಂದು ಇಳಿಯುತ್ತಿತ್ತು. ಯಾರೂ ಏನನ್ನೂ ಮುಟ್ಟಿರಲಿಲ್ಲ. ನೋಡನೋಡುತ್ತ ಕೆಳಗಿನ ನೀರೆಲ್ಲ ತೆಳು ನೀಲಿಯಾಯಿತು. ಅಷ್ಟರಲ್ಲಿ ಟ್ಯಾಂಕಿನೊಳಗೆ ಸುಯ್ಯೆಂದು ನೀರು ಬಿಟ್ಟುಕೊಂಡಿತು.

"ಇದೇ! ಇದೇ ಸದ್ದು!" ಎಂದು ಓನರಮ್ಮ ಎದ್ದು ನಿಂತರು.

"ಇದೇ ನಿಮ್ಮ ಬಾಡಿಗೆ ಕೊಡದ ಬಾಡಿಗೆದಾರ," ಎಂದ ಪ್ಲಂಬರ್. "ಜಿನುಗಿ ಜಿನುಗಿ ಮಟ್ಟ ಇಳಿದಾಗ ತೇಲುಬುರುಡೆ ಇಳಿದು ನೀರು ತಾನಾಗೇ ತುಂಬ್ಕೊಳ್ಳತ್ತೆ. ಹಗಲು ರಾತ್ರಿ ಇದೇ ಕೆಲಸ."

ಅವನು ನೀರು ಬರುವ ಪೈಪಿನ ನಲ್ಲಿ ತಿರುಗಿಸಿ ಮುಚ್ಚಿ, ಫ್ಲಶ್ ಒತ್ತಿ ಟ್ಯಾಂಕು ಖಾಲಿ ಮಾಡಿದ. ವಾಲ್ವನ್ನು ಸ್ವಲ್ಪ ತಿರುಗಿಸಿ ಎತ್ತಿದಾಗ ಪೂರ್ತಿ ಕೈಗೆ ಬಂತು. ತಳದ ರಬ್ಬರ್ ವಾಷರ್ ಅಂಚೆಲ್ಲ ಗಟ್ಟಿಯಾಗಿ, ಬಿರುಕುಬಿಟ್ಟು, ಒಂದು ಕಡೆ ಸೊಟ್ಟಗಾಗಿತ್ತು. ಆಮೇಲೆ ಟ್ಯಾಂಕಿನ ಮೂಲೆಗೆ ಕೈ ಹಾಕಿ, ಅರ್ಧ ಕರಗಿದ ಬಿಳಿ ಬಿಲ್ಲೆಯೊಂದನ್ನು ತೆಗೆದ. ಬ್ಲೀಚಿನ ವಾಸನೆ ಮೂಗಿಗೆ ಹೊಡೆಯಿತು.

"ಇದೇನಕ್ಕ? ಇದನ್ನ ನೀವು ಹಾಕಿದ್ದಾ?"

"ಹೂಂ. ಕಮೋಡು ಯಾವಾಗಲೂ ಬೆಳ್ಳಗಿರುತ್ತೆ ಅಂತ ಅಂಗಡೀಲಿ ಹೇಳಿದ್ರು. ಮುಗಿದ ಹಾಗೆ ಹೊಸದು ಹಾಕ್ತೀನಿ."

"ಇದರ ಖಾರಕ್ಕೇ ರಬ್ಬರು ಸತ್ತುಹೋಗಿರೋದು. ಟ್ಯಾಂಕಿನೊಳಗೆ ಇದನ್ನ ಹಾಕಲೇಬಾರದು. ಒಬ್ಬರೇ ಇರೋ ಮನೆಗೆ ಇದೆಲ್ಲ ಯಾಕಕ್ಕ?"

ಅವಳು ಗೋಡೆ ನೋಡಿಕೊಂಡು ಹೇಳಿದಳು. "ಯಾರಾದ್ರೂ ಬಂದ್ರೆ ಚೆನ್ನಾಗಿರಲಿ ಅಂತ."

"ಯಾರು ಬಂದಿದ್ರು?" ಓನರಮ್ಮ ತಟ್ಟನೆ ಕೇಳಿದರು.

"ಯಾರೂ ಬಂದಿಲ್ಲಮ್ಮ. ಇವತ್ತು ನೀವೇ ಮೊದಲು."

ಪ್ಲಂಬರ್ ಕೆಮ್ಮಿ, ವಾಲ್ವ್ ಕೂರುವ ಜಾಗವನ್ನು ಬಟ್ಟೆಯಿಂದ ಗಸಗಸ ಉಜ್ಜಿ ಪಾಚಿ, ಸುಣ್ಣದ ಪುಡಿ ಎಲ್ಲ ತೆಗೆದ. ಅಳತೆ ನೋಡಿ ಹೊಸ ವಾಷರ್ ಹಾಕಿದ, ವಾಲ್ವನ್ನು ಕೂರಿಸಿ ತಿರುಗಿಸಿ ಬಿಗಿ ಮಾಡಿದ, ನೀರು ಬಿಟ್ಟ. ಕಮೋಡಿನ ನೀರು ತಿಳಿಯಾಗುವವರೆಗೆ ಫ್ಲಶ್ ಮಾಡಿದ ಮೇಲೆ ಮೂರನೆಯ ಸಲ ನೀಲಿ ಬಿತ್ತು. ಮೂವರೂ ಕಾದರು. ಗೆರೆ ಇಳಿಯಲಿಲ್ಲ. ಕಮೋಡಿನ ನೀರು ತಿಳಿಯಾಗಿಯೇ ಉಳಿಯಿತು. ಟೈಲರಮ್ಮ ಅದನ್ನು ಪರೀಕ್ಷೆಯ ಫಲಿತಾಂಶ ನೋಡುವ ಹಾಗೆ ನೋಡುತ್ತ ನಿಂತಳು. ಬಚಾವಾದೆ ಎನ್ನಿಸಿತು.

ಪ್ಲಂಬರ್ ಚೀಲ ಹೆಗಲಿಗೇರಿಸಿ ಹೋದ. ಓನರಮ್ಮ ಹೊಸ್ತಿಲು ದಾಟಿದವರು ನಿಂತರು. ತಪ್ಪಾಯಿತು ಎನ್ನುವುದು ಅವರ ಬಾಯಿಗೆ ಅಭ್ಯಾಸವಿಲ್ಲದ ಮಾತು. ಆದರೆ ಮನಸ್ಸು ಕೆಟ್ಟದ್ದಲ್ಲ, ಮುಖ ಮೆತ್ತಗಾಗಿತ್ತು. ಅವಳ ತೋಳು ಮುಟ್ಟಿ ಪ್ರೀತಿಯಿಂದಲೇ ಹೇಳಿದರು.

"ಕೋಣೆ ಗೀಣೆ ಹುಡುಕೋಕೆ ಹೋಗಬೇಡ. ನಿನಗೆ ಯಾರೂ ಇಲ್ಲ ಅಂತ ಈಗ ನನಗೆ ಖಾತ್ರಿಯಾಯ್ತು. ನೆಮ್ಮದಿಯಾಗಿರು."

"ಆಯ್ತಮ್ಮ," ಎಂದಳು ಟೈಲರಮ್ಮ.

ಅವರು ಇಳಿದು ಹೋಗುವ ಸದ್ದು ಮುಗಿಯುವವರೆಗೂ ನಗುಮುಖದಲ್ಲೇ ನಿಂತಿದ್ದಳು. ಆಮೇಲೆ ಬಾಗಿಲು ಹಾಕಿದಳು. ಓನರಮ್ಮ ಖಾಲಿ ಮಾಡಿದ ಕುರ್ಚಿ ಇನ್ನೂ ಬಚ್ಚಲ ಎದುರಿಗೇ ಇತ್ತು. ಅದನ್ನು ಎತ್ತಿಡಲು ಹೋದವಳು ಅದರ ಬೆನ್ನನ್ನು ಹಿಡಿದುಕೊಂಡೇ ಅತ್ತಳು.