ಐದನೆಯ ಸಾಲು

ಹನ್ನೊಂದು ವರ್ಷದಿಂದ ಪಿಎಚ್.ಡಿ. ಮಾಡುತ್ತಿರುವವಳಿಗೆ ಜನ ಕೇಳುವುದು ಒಂದೇ ಪ್ರಶ್ನೆ: ಇನ್ನೂ ಮುಗೀಲಿಲ್ವಾ? ಅತ್ತೆ ಕೇಳುತ್ತಾರೆ, ಹಾಲು ಹಾಕುವವನು ಕೇಳುತ್ತಾನೆ. ನಾನು ಪಾಠ ಮಾಡುವ ಕಾಲೇಜಿನ ಪ್ರಿನ್ಸಿಪಾಲರು ಈ ಸಲ ಪತ್ರ ಬರೆದೇ ಕೇಳಿದ್ದರು. ಶುಕ್ರವಾರ ಸಂಜೆ ಐದರೊಳಗೆ ಪ್ರಬಂಧ ವಿಶ್ವವಿದ್ಯಾಲಯಕ್ಕೆ ಸೇರಬೇಕು. ಇಲ್ಲದಿದ್ದರೆ ನನ್ನ ನೋಂದಣಿಯೂ ಹೋಯಿತು, ತಾತ್ಕಾಲಿಕ ಕೆಲಸವೂ ಹೋಯಿತು. ಮೂರು ಸಲ ಅವಧಿ ವಿಸ್ತರಿಸಿಕೊಂಡಾಗಿತ್ತು. ನಾಲ್ಕನೆಯದು ನಿಯಮದಲ್ಲಿಲ್ಲ.

ನನ್ನ ವಿಷಯ ಒಂದು ಚೌಕ. ನಾಲ್ಕು ಅಂಚನ್ನೂ ಬಿಗಿದು ಕಟ್ಟಿದ ಒಂದು ಹಾಳೆಯ ಮೇಲೆ ಭಾರ ಬಿದ್ದರೆ ಎಲ್ಲೆಲ್ಲಿ ಎಷ್ಟೆಷ್ಟು ಬಾಗುತ್ತದೆ ಎನ್ನುವುದನ್ನು ಪಾಯ್ಸನ್ ಸಮೀಕರಣ ಹೇಳುತ್ತದೆ. ಕಂಪ್ಯೂಟರಿಗೆ ಇಡೀ ಹಾಳೆಯನ್ನು ಕೇಳಲಾಗದು. ಆದ್ದರಿಂದ ಚೌಕದಲ್ಲಿ ಅಡ್ಡ ಉದ್ದ ಗೆರೆ ಎಳೆದು, ಗೆರೆ ಕೂಡುವ ಬಿಂದುಗಳಲ್ಲಿ ಮಾತ್ರ ಲೆಕ್ಕ ಹಾಕುತ್ತೇವೆ. ಒಂದು ಬಿಂದುವಿನ ಬೆಲೆ ಎಂದರೆ ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕು ನೆರೆಯವರ ಸರಾಸರಿ, ಜೊತೆಗೆ ಆ ಜಾಗದ ಭಾರದ ಒಂದು ಸಣ್ಣ ಪಾಲು. ತಾನೊಂದು, ನೆರೆಯವರು ನಾಲ್ಕು, ಒಟ್ಟು ಐದು ಬಿಂದು. ಇಷ್ಟೇ. ಇಷ್ಟಕ್ಕೆ ನನ್ನ ತಲೆಗೂದಲು ಬೆಳ್ಳಗಾಯಿತು.

ಗೆರೆಗಳ ನಡುವಿನ ಅಂತರವನ್ನು ಅರ್ಧ ಮಾಡಿದರೆ ತಪ್ಪು ಕಾಲು ಭಾಗಕ್ಕೆ ಇಳಿಯಬೇಕು. ಪುಸ್ತಕ ಹೇಳುವುದು ಅದು. ನನ್ನ ಗೈಡ್, ನಮ್ಮೆಲ್ಲರ ಬಾಯಲ್ಲಿ ಮೇಷ್ಟ್ರು, ಮೂವತ್ತು ವರ್ಷದ ಹಿಂದೆ ಅದಕ್ಕಿಂತ ಹೆಚ್ಚಿನದನ್ನು ಕಂಡಿದ್ದರು. ಉತ್ತರ ಮೊದಲೇ ಗೊತ್ತಿರುವ ಒಂದು ಲೆಕ್ಕ ತೆಗೆದುಕೊಂಡು, ಬದಿಯನ್ನು ಹದಿನಾರು, ಮೂವತ್ತೆರಡು, ಅರವತ್ನಾಲ್ಕು, ನೂರಿಪ್ಪತ್ತೆಂಟು ಭಾಗ ಮಾಡಿ, ಚೌಕದ ನಡುಬಿಂದುವಿನ ತಪ್ಪನ್ನು ನಾಲ್ಕು ಸಾಲಿನ ಕೋಷ್ಟಕದಲ್ಲಿ ಕೊಟ್ಟಿದ್ದರು. ಹತ್ತು ಲಕ್ಷಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ 3218.7, 802.5, 196.7, 33.6. ಮೊದಲೆರಡು ಇಳಿತ ನಾಲ್ಕು ಪಟ್ಟು, ಕೊನೆಯದು ಹತ್ತಿರಹತ್ತಿರ ಆರು ಪಟ್ಟು! ಗೆರೆ ಒತ್ತೊತ್ತಾದಂತೆ ವಿಧಾನ ನಿರೀಕ್ಷೆಗಿಂತ ಚುರುಕಾಗುತ್ತದೆ ಎಂಬ ಆ ಲೇಖನದಿಂದಲೇ ಅವರು ಹೆಸರು ಮಾಡಿದ್ದು. ಯಾಕೆ ಚುರುಕಾಗುತ್ತದೆ ಎಂದು ವಿವರಿಸುವುದು ನನ್ನ ಮೂರನೆಯ ಅಧ್ಯಾಯ. ನಲವತ್ತು ಪುಟ.

ಅವರ ಪ್ರೋಗ್ರಾಮು ಪ್ರಯೋಗಾಲಯದಲ್ಲಿ ಒಬ್ಬರಿಂದೊಬ್ಬರಿಗೆ ಬಂದದ್ದು. ಅದರಲ್ಲಿ ಚೌಕದ ಗಾತ್ರದ ಮಿತಿ, 128 ಭಾಗಕ್ಕೆ ಸಾಕಾಗುವಂತೆ, 130 ಎಂದು ಬರೆದಿತ್ತು, ಯಾರೂ ಮುಟ್ಟಿರಲಿಲ್ಲ. ನನಗೂ ಮುಟ್ಟುವ ಉಮೇದು ಇರಲಿಲ್ಲ. ಆದರೆ ಕೊನೆಯ ಸೆಮಿನಾರಿನಲ್ಲಿ ಸಮಿತಿಯ ಒಬ್ಬ ಪುಣ್ಯಾತ್ಮರು, “ಇನ್ನೊಂದು ಸಾಲು ಸೇರಿಸಿ, ಚೆನ್ನಾಗಿರುತ್ತೆ” ಎಂದುಬಿಟ್ಟರು. ಸೋಮವಾರ ಬೆಳಿಗ್ಗೆ 130 ಅಳಿಸಿ 260 ಎಂದು ಬರೆದು, 256 ಭಾಗಕ್ಕೆ ಓಡಿಸಿದೆ. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಐದನೆಯ ಸಾಲು ಬಂತು: 53.8.

ಇಳಿಯಬೇಕಾದ ತಪ್ಪು ಏರಿತ್ತು. ಮತ್ತೆ ಓಡಿಸಿದೆ. ಅದೇ 53.8.

ಮೇಷ್ಟ್ರ ಕೋಣೆಗೆ ಹೋದೆ. ಮುಂದಿನ ತಿಂಗಳು ಅವರ ನಿವೃತ್ತಿ. ಅರ್ಧದಷ್ಟು ಪುಸ್ತಕಗಳು ಆಗಲೇ ರಟ್ಟಿನ ಪೆಟ್ಟಿಗೆ ಸೇರಿದ್ದವು.

“ರೌಂಡಿಂಗ್ ಕಣಮ್ಮಾ,” ಎಂದರು ಹಾಳೆ ನೋಡಿ. “ಗೆರೆ ಒತ್ತಾದಷ್ಟೂ ಮ್ಯಾಟ್ರಿಕ್ಸ್ ಕೆಡುತ್ತೆ. ಅಂತರ ಅರ್ಧ ಆದ್ರೆ ಕಂಡಿಷನ್ ನಂಬರ್ ನಾಲ್ಕು ಪಟ್ಟು. ಇಲ್ಲಿ ಎಷ್ಟಾಗತ್ತೆ?”

“ಇಪ್ಪತ್ತಾರೂವರೆ ಸಾವಿರ, ಸರ್.”

“ನೋಡು ಮತ್ತೆ. ಆ ಸಾಲು ತೆಗೆದ್ಹಾಕು. ಶುಕ್ರವಾರ ತಲೆ ಮೇಲೆ ಕೂತಿದೆ, ನಿಂಗೆ ಇಲ್ಲದ ಉಸಾಬರಿ ಯಾಕೆ?”

ತೆಗೆದುಹಾಕಬಹುದಿತ್ತು. ನಿಜ ಹೇಳುತ್ತೇನೆ, ತೆಗೆದೂ ಹಾಕಿದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಮಾತ್ರ ಹಾಳು ಬುದ್ಧಿ ಸುಮ್ಮನಿರಲಿಲ್ಲ. ಕಂಡಿಷನ್ ನಂಬರ್ ಎಂದರೆ, ಕೊಟ್ಟ ಅಂಕಿಯಲ್ಲಿ ಸಣ್ಣ ನಡುಕವಿದ್ದರೆ ಉತ್ತರದಲ್ಲಿ ಅದು ಎಷ್ಟು ಪಟ್ಟು ದೊಡ್ಡದಾಗಬಹುದು ಎಂಬ ಮಿತಿ. ಕಂಪ್ಯೂಟರು ಹದಿನಾರು ಅಂಕೆ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತದೆ, ಅದೇ ರೌಂಡಿಂಗ್. ಆ ತಪ್ಪು ಇಪ್ಪತ್ತಾರು ಸಾವಿರ ಪಟ್ಟು ದೊಡ್ಡದಾದರೂ ಹೆಚ್ಚೆಂದರೆ ಐದು ಅಂಕೆ ತಿಂದೀತು. ಹನ್ನೊಂದು ಉಳಿಯುತ್ತವೆ. ನನ್ನ ತಪ್ಪು ಇದ್ದದ್ದು ಐದನೆಯ ಸ್ಥಾನದಲ್ಲಿ. ಕಳ್ಳ ರೌಂಡಿಂಗ್ ಅಲ್ಲ.

ಮಂಗಳವಾರ ರಜೆ ಹಾಕಿದೆ. ಯಜಮಾನರು ಆಫೀಸಿಗೆ ಹೊರಡುತ್ತಾ, “ಏನೇ, ಮುಗೀತು ಅಂದಿದ್ದೆ?” ಎಂದರು.

“ಮುಗಿದಿತ್ತು. ಈಗ ಮುಗಿದಿಲ್ಲ.”

ಅವರು ಮುಂದೆ ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಅವರೂ ತಾಳ್ಮೆಯಲ್ಲಿ ಒಂದು ಡಿಗ್ರಿ ಮಾಡಿದ್ದಾರೆ.

ಅಡುಗೆಮನೆಯ ಮೇಜಿನ ಮೇಲೆ ಪ್ರೋಗ್ರಾಮನ್ನು ಒಂದೊಂದೇ ಸಾಲು ಓದಿದೆ. ಕಂಪ್ಯೂಟರು ಎಲ್ಲ ಬಿಂದುವನ್ನೂ ಸೊನ್ನೆಯಿಂದ ಶುರುಮಾಡಿ, ಚೌಕದ ಮೇಲೆ ಸುತ್ತು ಹೊಡೆಯುತ್ತಾ, ಪ್ರತಿ ಬಿಂದುವನ್ನೂ ನೆರೆಯವರಿಗೆ ಹೊಂದಿಸುತ್ತಾ ಹೋಗುತ್ತದೆ. ಒಂದು ಸುತ್ತಿನಲ್ಲಿ ಯಾವ ಬಿಂದುವೂ ಹತ್ತು ಕೋಟಿಯಲ್ಲಿ ಒಂದರಷ್ಟೂ ಬದಲಾಗದಿದ್ದರೆ ಉತ್ತರ ಬಂತೆಂದು ನಿಲ್ಲುತ್ತದೆ. ಮೂವತ್ತು ವರ್ಷ ಎಲ್ಲರೂ ಒಪ್ಪಿದ್ದ ನಿಯಮ. ನಾನು ಆ ನಿಯಮ ತೆಗೆದು, ನಡುಬಿಂದುವಿನ ಬೆಲೆಯನ್ನು ಸಾವಿರ ಸುತ್ತಿಗೊಮ್ಮೆ ತೋರಿಸು ಎಂದೆ. ಅರವತ್ತನಾಲ್ಕು ಸಾವಿರ ಸುತ್ತಿನ ಹತ್ತಿರ, ಹಳೆಯ ಪ್ರೋಗ್ರಾಮು ನಿಲ್ಲುತ್ತಿದ್ದ ಜಾಗ ದಾಟಿಯೂ ಬೆಲೆ ಏರುತ್ತಲೇ ಇತ್ತು. ಪ್ರತಿ ಸಲವೂ ಚೂರು, ಪ್ರತಿ ಸಲವೂ ಮೇಲಕ್ಕೇ. ನಿಂತಿರಲಿಲ್ಲ, ತೆವಳುತ್ತಿತ್ತು. ತೆವಳುವುದನ್ನು ನೋಡಿ ನಾವು ಊರು ಮುಟ್ಟಿತು ಅಂದುಕೊಂಡಿದ್ದೆವು.

ಉಳಿದದ್ದು ಪೆನ್ಸಿಲ್ ಕೆಲಸ. ಒಂದೊಂದು ಸುತ್ತಿಗೆ ಉತ್ತರಕ್ಕೆ ಉಳಿದ ದೂರದಲ್ಲಿ ಕಡಿಮೆಯಾಗುವುದು, ನಾಲ್ಕನ್ನು ಕಂಡಿಷನ್ ನಂಬರಿನಿಂದ ಭಾಗಿಸಿದಷ್ಟು ಪಾಲು ಮಾತ್ರ. ಹಾಗಾಗಿ ನಿಂತಾಗ ಇನ್ನೂ ಉಳಿದಿರುವ ದೂರ ಎಂದರೆ ಕೊನೆಯ ಬದಲಾವಣೆಯನ್ನು ಕಂಡಿಷನ್ ನಂಬರಿನ ಕಾಲು ಭಾಗದಿಂದ ಗುಣಿಸಿದಷ್ಟು. 256 ಭಾಗಕ್ಕೆ ಅದು ಹತ್ತು ಲಕ್ಷದಲ್ಲಿ 66.4. ಐದು ಬಿಂದುವಿನ ವಿಧಾನದ ಸ್ವಂತ ತಪ್ಪು ಬರೀ 12.6, ಅದು ನಿಜವಾದ ಉತ್ತರಕ್ಕಿಂತ ಮೇಲೆ. ಬೇಗ ನಿಂತ ತಪ್ಪು, ಸೊನ್ನೆಯಿಂದ ಹೊರಟದ್ದರಿಂದ, ಕೆಳಗೆ. ಕಳೆದರೆ 53.8 ಕೆಳಗೆ. ಪ್ರೋಗ್ರಾಮು ಚಿಹ್ನೆ ಬಿಟ್ಟು ಅಂಕಿ ಮಾತ್ರ ಬರೆಯುತ್ತಿದ್ದರಿಂದ ಮೇಲೋ ಕೆಳಗೋ ಯಾರಿಗೂ ಕಂಡಿರಲಿಲ್ಲ.

ಆಮೇಲೆ, ಬೇಡಬೇಡವೆಂದುಕೊಂಡೇ, ನಾಲ್ಕನೆಯ ಸಾಲಿಗೂ ಅದನ್ನೇ ಮಾಡಿದೆ. ವಿಧಾನದ ತಪ್ಪು 50.2 ಮೇಲೆ, ಬೇಗ ನಿಂತದ್ದು 16.6 ಕೆಳಗೆ. ಉಳಿದದ್ದು 33.6. ಮೇಷ್ಟ್ರ 33.6!

ಚುರುಕೂ ಇಲ್ಲ, ಗಿರುಕೂ ಇಲ್ಲ. ಎರಡು ತಪ್ಪು ಒಂದನ್ನೊಂದು ತಿಂದುಕೊಂಡು ಚೆಂದ ಕಂಡಿದ್ದವು, ಅಷ್ಟೆ. ನಿಲ್ಲುವ ನಿಯಮವನ್ನು ಹತ್ತು ಸಾವಿರ ಪಟ್ಟು ಬಿಗಿ ಮಾಡಿ ಓಡಿಸಿದಾಗ ಪ್ರತಿ ಸಾಲೂ ನಾಲ್ಕು ಪಟ್ಟು, ಪುಸ್ತಕದಲ್ಲಿದ್ದಂತೆ. ಇಲ್ಲದ್ದು ಯಾಕೆ ಇದೆ ಎಂದು ನಾನು ನಲವತ್ತು ಪುಟ ಬರೆದಿದ್ದೆ. ಅಳು ಬರಲಿಲ್ಲ, ಅಳುವುದಕ್ಕೂ ಶಕ್ತಿ ಬೇಕು. ಮೇಜಿಗೆ ತಲೆ ಇಟ್ಟುಕೊಂಡೆ.

ಬುಧವಾರ ಮೇಷ್ಟ್ರ ಮುಂದೆ ಎರಡು ಹಾಳೆ ಇಟ್ಟೆ. ಮೊದಲನೆಯದನ್ನು ಓದುವಾಗಲೇ ಅವರ ಮುಖ ಗಂಟಿಕ್ಕಿತು.

“ನನ್ನ ಲೇಖನ ತಪ್ಪು ಅಂತೀಯಾ?”

“ಕೋಷ್ಟಕದ ಕೊನೇ ಸಾಲು, ಸರ್.”

“ಆ ಸಾಲೇ ಲೇಖನ!” ಮೇಜು ಗುದ್ದಿದರು. “ಆಗ ಇಡೀ ವಿಭಾಗಕ್ಕೆ ಒಂದು ಯಂತ್ರ. ವಾರಕ್ಕೆ ನನಗೆ ಎರಡು ಗಂಟೆ. ಆ ಸಾಲಿಗೇ ಒಂದೂಮುಕ್ಕಾಲು ಗಂಟೆ ಹಿಡೀತಿತ್ತು. ಮುಂದಿನ ಸಾಲಿಗೆ ಒಂದು ದಿನ ಬೇಕು. ಯಾರು ಕೊಡ್ತಿದ್ರು ನಂಗೆ ಒಂದು ದಿನ?”

“ಯಾರೂ ಕೊಡ್ತಿರ್ಲಿಲ್ಲ, ಸರ್.”

“ಹೋಗು. ಮೊದಲಿದ್ದ ಪ್ರಬಂಧ ತಗೊಂಬಾ, ಸಹಿ ಹಾಕ್ತೀನಿ. ಇದನ್ನ ತರಬೇಡ.”

ಗುರುವಾರ ಅವರು ವಿಭಾಗಕ್ಕೆ ಬರಲಿಲ್ಲ. ಫೋನು ಎತ್ತಲಿಲ್ಲ. ನಾನು ಎರಡು ಮೂರನೆಯ ಅಧ್ಯಾಯ ಮಾಡಿಟ್ಟುಕೊಂಡೆ. ಹಳೆಯದು ನಲವತ್ತು ಪುಟ. ಹೊಸದು ಏಳು: ನಿಲ್ಲುವ ನಿಯಮವನ್ನು ಕಂಡಿಷನ್ ನಂಬರಿಗೆ ತಕ್ಕಂತೆ ಬಿಗಿ ಮಾಡದಿದ್ದರೆ ಎಂಥ ಸುಳ್ಳು ಕೋಷ್ಟಕ ಬರುತ್ತದೆ, ಅದನ್ನು ಪೆನ್ಸಿಲ್ಲಿನಿಂದಲೇ ಮೊದಲೇ ಹೇಗೆ ಹೇಳಬಹುದು. ಏಳು ಪುಟದಲ್ಲಿ ಒಂದು ಸುಳ್ಳೂ ಇರಲಿಲ್ಲ. ಆದರೆ ಗೈಡ್ ಸಹಿ ಇಲ್ಲದ ಪ್ರಬಂಧ ರದ್ದಿಗೆ ಸಮ. ಮೂವತ್ತು ವರ್ಷದ ಮರ್ಯಾದೆಯನ್ನು ನಿವೃತ್ತಿಗೆ ಒಂದು ತಿಂಗಳಿರುವಾಗ ಕೀಳಲು ನಾನ್ಯಾರು? ಹಾಗೆಂದು ಹಳೆಯದನ್ನು ಚೀಲದಲ್ಲಿ ಮೇಲಿಟ್ಟೆ. ಐದು ನಿಮಿಷದ ಮೇಲೆ ಹೊಸದನ್ನು ಮೇಲಿಟ್ಟೆ. ಶುಕ್ರವಾರ ಮನೆ ಬಿಡುವಾಗ ಯಾವುದು ಮೇಲಿತ್ತೋ ನನಗೇ ತಿಳಿಯದು.

ಮಧ್ಯಾಹ್ನ ಎರಡಕ್ಕೆ ಮೇಷ್ಟ್ರ ಕೋಣೆಯ ಬಾಗಿಲು ತೆರೆದಿತ್ತು. ಎರಡು ರಾತ್ರಿ ಅವರು ನಿದ್ದೆ ಮಾಡಿದಂತಿರಲಿಲ್ಲ. ಮೇಜಿನ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಹಾಳೆಗಳು. ಎಲ್ಲದರ ಕೆಳಗೂ 33.6, ಗೆರೆ ಎಳೆದು.

“ಐದು ಸಲ ಮಾಡ್ದೆ,” ಎಂದರು. “ಐದು ಸಲಾನೂ ಬರತ್ತೆ. ಎರಡ್ರಲ್ಲಿ ಯಾವುದು ತಂದಿದೀಯ?”

ನಾನು ಎರಡನ್ನೂ ತೆಗೆದು ಮೇಜಿನ ಮೇಲಿಟ್ಟೆ. ಅವರು ಹಳೆಯದನ್ನು ಮುಟ್ಟಲಿಲ್ಲ. ಹೊಸ ಅಧ್ಯಾಯವನ್ನು ಕನ್ನಡಕ ಮೇಲೆತ್ತಿ, ಕಾಗದ ಮೂಗಿನ ಹತ್ತಿರ ಹಿಡಿದು ಏಳೂ ಪುಟ ಓದಿದರು. ಗಡಿಯಾರ ನೋಡದಿರಲು ನಾನು ಬಹಳ ಕಷ್ಟಪಟ್ಟೆ. ಕೊನೆಗೆ ಪೆನ್ನಿನ ಮುಚ್ಚಳ ತೆಗೆದರು. ಗೈಡ್ ಸಹಿ ಹಾಕಬೇಕಾದ ಪ್ರಮಾಣಪತ್ರವನ್ನು ನಾನು ಮುಂದೆ ಸರಿಸಿದೆ. ಆದರೆ ಪೆನ್ನು ಪ್ರಮಾಣಪತ್ರದ ಕಡೆ ಹೋಗದೆ ಮೊದಲ ಪುಟದ ಮೂರನೆಯ ಸಾಲಿಗೆ ಹೋಯಿತು.

“‘ಹಿಂದಿನ ಒಂದು ಲೇಖನದಲ್ಲಿ ಈ ದೋಷ ಕಂಡುಬರುತ್ತದೆ’ ಅಂತ ಬರೆದಿದೀಯ. ಯಾರ ಲೇಖನ?”

“ನಿಮ್ದು, ಸರ್.”

“ಆ ಕೋಷ್ಟಕ ನೋಡ್ಕೊಂಡು ಆರು ಜನ ನನ್ನ ಕೈಕೆಳಗೇ ಪ್ರಬಂಧ ಬರೆದಿದಾರೆ. ಅವರಿಗೆ ಹೇಗೆ ಗೊತ್ತಾಗ್ಬೇಕು, ಯಾವ ಲೇಖನ ಅಂತ?” ಪೆನ್ನಿನ ತುದಿಯಿಂದ ಆ ಸಾಲನ್ನು ಕುಟ್ಟಿದರು. “ಹೆಸರು ಹಾಕು. ವರ್ಷ ಹಾಕು. ಹಾಕದಿದ್ರೆ ಸಹಿ ಇಲ್ಲ.”

“ಸರ್, ಮುಂದಿನ ತಿಂಗಳು ನಿಮ್ಮ...”

“ಅದಕ್ಕೇ ಹೇಳ್ತಿರೋದು. ಈಗ ಹಾಕು, ನಾನಿನ್ನೂ ಇಲ್ಲಿರುವಾಗ. ಯಾರಾದ್ರೂ ಕೇಳಿದ್ರೆ ಹೌದು ನಂದೇ ಅಂತ ಹೇಳೋಕಾದ್ರೂ ಆಗತ್ತೆ.”

ಅವರ ಕುರ್ಚಿಯಲ್ಲೇ, ಅವರ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದರು. ತಾವು ಪಕ್ಕದಲ್ಲಿ ನಿಂತರು. ಹನ್ನೊಂದು ವರ್ಷದಲ್ಲಿ ಅವರ ಹೆಸರನ್ನು ನಾನು ಎಷ್ಟೋ ಅರ್ಜಿಗಳಲ್ಲಿ, ವರದಿಗಳಲ್ಲಿ ಕಣ್ಣು ಮುಚ್ಚಿ ಟೈಪ್ ಮಾಡಿದ್ದೇನೆ. ಅವತ್ತು ಆ ‘ದೋಷ’ ಎನ್ನುವ ಪದದ ಪಕ್ಕದಲ್ಲಿ ಅದನ್ನು ಬರೆಯುವಾಗ ನನ್ನ ಬೆರಳು ಎರಡು ಸಲ ತಪ್ಪಿತು, ಎರಡು ಸಲವೂ ಮೇಷ್ಟ್ರೇ ತಿದ್ದಿಸಿದರು.